ಬಂದು ಹೋಗುವವರ ಬಳಗ

ತೊಂದರೆ ಶುರುವಾಗಿದ್ದು ಒಂದು ಕಪ್ಪು ಹಲಗೆಯಿಂದ. 2001ರ ಯುಗಾದಿ ಕಳೆದ ಮೇಲೆ ಹೂವಪ್ಪನವರು ವಿನೋಬನಗರದ ಪಾರ್ಕಿನ ಗೇಟಿಗೆ ಅದನ್ನು ನೇತುಹಾಕಿ, ‘ಹಿರಿಯ ನಾಗರಿಕರ ಹಾಸ್ಯಯೋಗ ಚಿಕಿತ್ಸಾ ಸಂಘ’ ಎಂದು ಸೀಮೆಸುಣ್ಣದಲ್ಲಿ ದುಂಡಗೆ ಬರೆದಿದ್ದರು. ಭದ್ರಾವತಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಮೂವತ್ತು ವರ್ಷ ದುಡಿದವರು. ಸಣ್ಣ ಬೋಲ್ಟಿಗೂ ಪೂರ್ತಿ ಹೆಸರು ಬರೆದೇ ಅಭ್ಯಾಸ. ಆದರೆ ನಾಲ್ಕು ತಿಂಗಳಾದರೂ ಸಂಘದಲ್ಲಿ ನಗುತ್ತಿದ್ದವರು ಆರೇ ಜನ.

ಶನಿವಾರ ಬೆಳಿಗ್ಗೆ ಪಾರ್ಕ್ ಸಮಿತಿಯ ಅಧ್ಯಕ್ಷ ವೀರಪ್ಪನವರು ಬಂದು ನಿಂತರು.

“ನಾಳೆ ಇಪ್ಪತ್ತು ಜನ ಇಲ್ದಿದ್ರೆ ಈ ಜಾಗ ಶಟಲ್ ಆಡೋರಿಗೆ. ಆರು ಜನ ನಗೋಕೆ ಇಷ್ಟು ಜಾಗ ಯಾಕ್ರೀ?”

ರಿಟೈರಾದ ಮೇಲೆ ಹೂವಪ್ಪನವರು ಗೋಡೆ ನೋಡಿಕೊಂಡು ಕೂತುಬಿಟ್ಟಿದ್ದರು. ಬೆಳಗಿನ ಆ ಇಪ್ಪತ್ತು ನಿಮಿಷದ ನಗುವಿನಿಂದಲೇ ಈಗ ಊಟ ರುಚಿಸುತ್ತಿತ್ತು, ನಿದ್ದೆ ಬರುತ್ತಿತ್ತು. ಅದೂ ಹೋದರೆ ಮತ್ತೆ ಗೋಡೆಯೇ ಗತಿ.

ಬೇಲಿಯಾಚೆ ನಿಂತು ನೋಡುವವರಿಗೇನೂ ಬರವಿರಲಿಲ್ಲ. ಅವರು ಒಳಗೆ ಬರುತ್ತಿರಲಿಲ್ಲ, ಅಷ್ಟೇ. ಯಾಕೆ ಬರುವುದಿಲ್ಲ ಎಂದು ಕೇಳಲು ಹೂವಪ್ಪನವರು ಹಲಗೆಯನ್ನೂ ಅದನ್ನು ಒರೆಸಲು ಒದ್ದೆ ಬಟ್ಟೆಯನ್ನೂ ಹಿಡಿದು ಅವರ ಬಳಿಗೇ ಹೋದರು.

“ಚಿಕಿತ್ಸೆ ಅಂತ ಬರ್ದಿದೀರಲ್ಲ ಸಾರ್,” ಎಂದರು ಟೀಚರ್ ಧನಲಕ್ಷ್ಮಿ. “ಒಳಗೆ ಕಾಲಿಟ್ರೆ ಏನು ಕಾಯಿಲೆ ಅಂತ ಸ್ಕೂಲೆಲ್ಲ ಕೇಳುತ್ತೆ. ಮೇಲಾಗಿ ನಂಗೆ ನಲವತ್ತಾರು, ಹಿರಿಯ ನಾಗರಿಕಳಲ್ಲ.”

ಚಿಕಿತ್ಸೆ ಅಳಿಸಿಹೋಯಿತು. ಹಿರಿಯ ನಾಗರಿಕರೂ ಹೋದರು.

“ಯೋಗ ಅಂದ್ರೆ ಕಾಲೆತ್ತಿ ಕುತ್ತಿಗೆಗೆ ಹಾಕ್ಬೇಕಲ್ವಾ?” ಲಾರಿ ಓಡಿಸುತ್ತಿದ್ದ ಭೂತಪ್ಪ ಮೊಣಕಾಲು ಒತ್ತಿಕೊಂಡ. “ಇದು ಮಡಚೋದೇ ಇಲ್ಲ ಮಾರಾಯ್ರೆ. ಸಂಘ ಅಂದ್ಮೇಲೆ ಒಂದ್ಸಲ ಸೇರಿದ್ರೆ ಬಿಡೋಕಾಗುತ್ತಾ? ದಿನಾ ಮನೆಗೇ ಬಂದು ಕರೀತೀರಿ.”

“ಯೋಗ ಅಂದ್ರೆ ಉಸಿರಾಟ ಅಷ್ಟೇ ಕಣಪ್ಪ. ಕೈಯೆತ್ತಿ ಉಸಿರೆಳ್ಕೊಳ್ಳೋದು, ನಗ್ತಾ ಬಿಡೋದು. ಚಪ್ಪಾಳೆ ತಟ್ಟಿ ಹೊ ಹೊ, ಹಾ ಹಾ ಹಾ. ಆಪರೇಷನ್ ಆದೋರು, ಹರ್ನಿಯಾ ಇರೋರು ಮಾಡ್ಬಾರ್ದು. ಇನ್ಯಾರಿಗೂ ತೊಂದ್ರೆ ಇಲ್ಲ.”

“ಹಾಗಾದ್ರೆ ಹಾಗೇ ಬರೀಬೇಕಿತ್ತು.”

ಯೋಗವೂ ಸಂಘವೂ ಅಳಿದವು. ಉಳಿದದ್ದು ಹಾಸ್ಯ ಒಂದೇ. ಅದಕ್ಕೂ ಧನಲಕ್ಷ್ಮಿ ಮೆಲ್ಲಗೆ, “ಎಲ್ಲರೂ ನಗುವಾಗ ನಂಗೊಬ್ಬಳಿಗೇ ನಗು ಬರದಿದ್ರೆ?” ಎಂದರು. ಹೂವಪ್ಪನವರು ಅದನ್ನೂ ಅಳಿಸಿ, ಬೋಳು ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದರು.

“ನಗು ತಾನಾಗೇ ಬರುತ್ತೆ ಮಾರಾಯ್ತಿ,” ಎಂದು ಹೆಂಡತಿ ಶಾಂತಮ್ಮನ ಮುಂದೆ ಗೋಳಾಡಿದರು. “ಮೊದ್ಲು ಸುಳ್ಳು ನಗು. ಎದುರಿಗಿರೋರ ಕಣ್ಣು ನೋಡ್ತಾ ನೋಡ್ತಾ ಅದೇ ನಿಜ ಆಗುತ್ತೆ. ಇದನ್ನ ಹಲಗೆ ಮೇಲೆ ಹೆಂಗೆ ಬರೀಲಿ?”

ಶಾಂತಮ್ಮ ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಬಾಗಿಲಿಗೆ ಬಂದೋರಿಗೆ ಸದಸ್ಯರಾಗಿ ಅಂತೀವೇನ್ರೀ? ಬಂದು ಹೋಗಿ ಅಂತೀವಿ. ಅದನ್ನೇ ಬರೀರಿ.”

ಭಾನುವಾರ ಬೆಳಿಗ್ಗೆ ಆರಕ್ಕೆ ಹಲಗೆ ಹೊಸದಾಗಿತ್ತು: ‘ಬಂದು ಹೋಗುವವರ ಬಳಗ. ನಗು ಬರದಿದ್ದರೂ ಬನ್ನಿ. ನಿಂತು ನೋಡಬಹುದು.’

ಒಳಗೆ ಐವರು ಹಳಬರು ಚಪ್ಪಾಳೆ ಶುರುಮಾಡಿದರು. ಹೂವಪ್ಪನವರು ಮಾತ್ರ ತಲೆ ಎಣಿಸಲು ಗೇಟಿನಲ್ಲೇ ಉಳಿದರು. ಆತಂಕಕ್ಕೆ ಅವರ ಮುಖ ಹರಳೆಣ್ಣೆ ಕುಡಿದವರಂತಿತ್ತು. ಧನಲಕ್ಷ್ಮಿ ಬಂದರು, ಹಲಗೆ ಓದಿದರು, ಆ ಮುಖವನ್ನೊಮ್ಮೆ ನೋಡಿದರು, ಒಳಗೆ ಹೋದರು. ಭೂತಪ್ಪ ಹೆಂಡತಿಯೊಡನೆ ಬಂದ. ಒಂಬತ್ತು, ಹನ್ನೆರಡು, ಹತ್ತೊಂಬತ್ತು... ಕೈಮುಗಿದು ನಗುವ ನಮಸ್ಕಾರದ ನಗೆ ಮುಗಿದು ನಾಲಿಗೆ ಚಾಚುವ ಸಿಂಹದ ನಗೆ ಬರುವಷ್ಟರಲ್ಲಿ ಮೂವತ್ತೊಂದು! ಟೀಚರಮ್ಮ ಭೂತಪ್ಪನ ನಾಲಿಗೆ ನೋಡಿ ನಿಜವಾಗಿಯೇ ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು.

“ಜಾಗ ನಿಮ್ದೇ ರೀ,” ಎಂದರು ಲೆಕ್ಕ ನೋಡಲು ಬಂದಿದ್ದ ವೀರಪ್ಪನವರು. ಹೂವಪ್ಪನವರಿಗೆ ಹೋದ ಜೀವ ಬಂದಂತಾಯಿತು. ಒಳಗೋಡಿ ಕೈಯೆತ್ತಿ ಇನ್ನೇನು ನಗಬೇಕು, ಧನಲಕ್ಷ್ಮಿ ತಡೆದರು.

“ಅಯ್ಯೋ, ನಗಬೇಡಿ ಸಾರ್! ಹಲಗೆ ಓದಿದ್ರೂ ನಂಬಿಕೆ ಬಂದಿರ್ಲಿಲ್ಲ. ಗೇಟಲ್ಲಿ ನಿಮ್ಮ ಮುಖ ನೋಡಿದ ಮೇಲೇ ನಂಗೆ ಧೈರ್ಯ ಬಂದಿದ್ದು. ನಗದೇ ಇರೋರೂ ಇಲ್ಲಿದ್ದಾರೆ ಅಂತ.”

“ನಂಗೂ ಅಷ್ಟೇ,” ಎಂದ ಭೂತಪ್ಪ. ಹಿಂದಿನಿಂದ ಇನ್ನೂ ಹತ್ತು ತಲೆ ಅಲ್ಲಾಡಿದವು.

ವೀರಪ್ಪನವರು ಅಲ್ಲೇ ತೀರ್ಪು ಕೊಟ್ಟರು. ಹೊಸಬರು ದಿನಾ ಬರಬೇಕಾದರೆ ಹೂವಪ್ಪನವರು ದಿನಾ ಗೇಟಿನಲ್ಲಿ ಹೀಗೇ ನಿಲ್ಲಬೇಕು. ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿದರು: ಹೊ ಹೊ, ಹಾ ಹಾ ಹಾ.

ಮನೆಯ ಜಗಲಿಯಲ್ಲಿ ಶಾಂತಮ್ಮ ಕೇಳಿದರು, “ಜಾಗ ಉಳೀತಾ? ಚೆನ್ನಾಗಿ ನಕ್ಕು ಬಂದ್ರಾ?”

“ಜಾಗ ಉಳೀತು. ಆದ್ರೆ ನಾನು ಇನ್ಮೇಲೆ ನಗೋ ಹಾಗಿಲ್ಲವಂತೆ.”

ಕತೆ ಕೇಳಿದ ಶಾಂತಮ್ಮ ಸೆರಗು ಬಾಯಿಗಿಟ್ಟು ನಗತೊಡಗಿದರು. ಹೂವಪ್ಪನವರಿಗೂ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ಬಾಯಿ ತೆರೆದದ್ದೇ ತಡ, ಕಾಂಪೌಂಡಿನಾಚೆ ಯಾರೋ ಅಪರಿಚಿತರು ನಿಂತು ಕೇಳಿದರು.

“ಸಾರ್, ನಗು ಬರದೋರು ಸೇರ್ಕೋಬಹುದಂತಲ್ಲ, ಅದು ನಿಮ್ಮದೇನಾ?”

ಹೂವಪ್ಪನವರು ನಗುವನ್ನು ಗುಳಿಗೆಯ ಹಾಗೆ ನುಂಗಿ ಮುಖ ಗಂಟಿಕ್ಕಿದರು.

“ಹೌದು, ನಾಳೆ ಬಂದು ಹೋಗಿ.”