ಕಾಕಾನ ಗೋಡೆಯ ಮೇಲಿನ ಕಾಗುಣಿತ

ನಮ್ಮ ಕಾಕಾನ ತಲೆ ಕೆಟ್ಟಿದೆ ಎಂದು ನಾನಂತೂ ಹೇಳುವುದಿಲ್ಲ. ಅವನ ಹೆಂಡತಿ ಕಾಕು ಹೇಳುತ್ತಿದ್ದಳು, ದಿನಕ್ಕೆರಡು ಸಲ! ತೊಂಬತ್ತರ ದಶಕದ ಕೊನೆಗೆ ನಾನು ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಓದುವಾಗ ಅವರ ಮನೆಯಲ್ಲೇ ಇದ್ದೆ. ಅಡುಗೆಮನೆಯ ಗೋಡೆಯ ತುಂಬ ಕ್ರೀಟ್ ದ್ವೀಪದ ಪುರಾತನ ಲಿಪಿಯ ಕೋಷ್ಟಕ. ಉಪ್ಪಿನ ಡಬ್ಬಿಗೆ ಕೈಹಾಕಬೇಕಾದರೂ ಮೂರು ಸಾವಿರ ವರ್ಷ ದಾಟಬೇಕು!

"ಲಿಪಿ ಗೊತ್ತಿಲ್ಲ, ಭಾಷಾ ಗೊತ್ತಿಲ್ಲ, ಬಾಜೂಕ ಅರ್ಥ ಬರೆದಿಲ್ಲ. ಹೆಂಗ ಓದಿದ್ರು ಹೇಳು?"

"ಕಾಕಾ, ಅನ್ನ ಸೀಯಾಕತ್ತೇತಿ."

"ಸೀಯಲಿ! ಮೊದಲ ಎಣಿಸಿದ್ರು. ಸುಮಾರು ತೊಂಬತ್ತು ಚಿಹ್ನೆ. ಇಂಗ್ಲಿಷಿನಂಥಾ ಬಿಡಿ ಅಕ್ಷರಕ್ಕ ಹೆಚ್ಚಾತು, ಶಬ್ದಕ್ಕೊಂದು ಚಿತ್ರ ಅನ್ನಾಕ ಕಡಿಮಿ ಆತು. ಅಂದ್ರ ನಮ್ಮ ಕ, ಕಿ, ಕು ಇದ್ದಂಗ!"

ಆಮೇಲೆ ಕಾಕಾ ಕನ್ನಡದ್ದೇ ಉದಾಹರಣೆ ಹಿಡಿಯುತ್ತಿದ್ದ: ಊರು, ಊರಿನ, ಊರಲ್ಲಿ. ರು, ರಿ, ರ ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲ ಎಂದುಕೊಳ್ಳಿ. ಒಂದೇ ಶಬ್ದದ ಬಾಲ ಬದಲಾದಾಗ ಅದೇ ಜಾಗಕ್ಕೆ ಇವು ಬಂದರೆ ವ್ಯಂಜನ ಒಂದೇ, ಕೋಷ್ಟಕದಲ್ಲಿ ಅಡ್ಡಸಾಲು ಒಂದೇ. ಕಾಡು, ಕಾಡಿನ, ಕಾಡಲ್ಲಿ ಎಂಬಲ್ಲೂ ಅದೇ ಆಟ. ಹಾಗಾದರೆ ರು, ಡುಗಳ ಸ್ವರ ಒಂದೇ, ಉದ್ದಸಾಲು ಒಂದೇ. ಒಂದು ಉಚ್ಚಾರವೂ ಗೊತ್ತಿಲ್ಲದೆ ಕಾಗುಣಿತ ಸಿದ್ಧ! ಕ್ರೀಟಿನಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಷ್ಟೇ ಮತ್ತೆ ಮತ್ತೆ ಬರುವ ಶಬ್ದಗಳು ಅಲ್ಲಿನ ಊರುಗಳ ಹೆಸರಿರಬಹುದೆಂದು ಕೊ-ನೊ-ಸೊ, ಅ-ಮಿ-ನಿ-ಸೊ ಎಂದು ಹಚ್ಚಿ ನೋಡಿದರಂತೆ. ಎರಡರ ಕೊನೆಯ ಚಿಹ್ನೆಯೂ ಒಂದೇ. ನೊ, ನಿ ಮೊದಲೇ ಒಂದೇ ಸಾಲಿನಲ್ಲಿದ್ದವು. ಆ ಉಚ್ಚಾರ ಕೋಷ್ಟಕದ ತುಂಬ ಹರಡಿತು. ಯಾರಿಗೂ ಗೊತ್ತಿಲ್ಲದ ಭಾಷೆ ಎಂದುಕೊಂಡರೆ ಅದು ಹಳೆಯ ಗ್ರೀಕು! ಇಷ್ಟೆಲ್ಲ ಒದ್ದಾಡಿ ಓದಿದರೆ ಇದ್ದದ್ದೇನು? ಕುರಿ, ಎಣ್ಣೆಯ ಪಟ್ಟಿ!

ಕಾಕಾನ ನಿಜವಾದ ಸಂಕಟ ಮಗಳು ನಳಿನಿ. ಹತ್ತು ವರ್ಷದವಳು. ಕನ್ನಡದಲ್ಲಿ ಬೈದರೆ ಡಚ್ಚಿನಲ್ಲಿ ಉತ್ತರ. ಗದಗಿನಿಂದ ಅಜ್ಜಿ ಅವಳ ಹೆಸರಿಗೇ ತಿಂಗಳಿಗೊಂದು ಪತ್ರ ಬರೆಯುತ್ತಿದ್ದಳು. ಓದಲು ಬಾರದ ಹುಡುಗಿ ಅವನ್ನು ಒಡೆಯದೆ ಡ್ರಾಯರಿಗೆ ತುಂಬುತ್ತಿದ್ದಳು. ಕಾಕಾನಾದರೂ ಓದಿ ಹೇಳಬಹುದಿತ್ತಲ್ಲ? ಊಹೂಂ! "ಅಕಿ ಪತ್ರ ಅಕಿನ ಒಡೀಬೇಕು." ಅಕ್ಷರವನ್ನೂ ಕಲಿಸಲಿಲ್ಲ. "ಆ ಗ್ವಾಡಿ ಮ್ಯಾಲಿನ ಲಿಪಿ ಓದಿದವರಿಗೆ ಯಾರ ಕಲಿಸಿದ್ರು? ಕಂಡುಹಿಡೀಲಿ!" ಕಾಕು ಲಟ್ಟಣಿಗೆ ಎತ್ತಿದಳು. ಆದರೆ ಆ ಮಾತಿಗೆ ಹುಡುಗಿಗೆ ಹಟ ಬಂತು. ಡ್ರಾಯರಿನ ಪತ್ರಗಳನ್ನೆಲ್ಲ ಒಡೆದು ಹರಡಿಕೊಂಡಳು.

ಪತ್ರದ ತಲೆಯ ಮೇಲೆ ಮೂರು ಚಿಹ್ನೆ, ಮೊದಲನೆಯದೂ ಕೊನೆಯದೂ ಒಂದೇ. ಅಜ್ಜಿಯ ಊರು, ಗ-ದ-ಗ! ಕೆಳಗೆ ಮತ್ತೆ ಮೂರು, ಪ್ರತಿ ಪತ್ರಕ್ಕೂ ಅವೇ ಮೊದಲು. ತನ್ನ ಹೆಸರೇ ಇರಬೇಕು. ಒಂದನೆಯದಕ್ಕೂ ಮೂರನೆಯದಕ್ಕೂ ಮೈ ಒಂದೇ, ಎರಡನೆಯದಕ್ಕೂ ಮೂರನೆಯದಕ್ಕೂ ತಲೆಯ ಮೇಲಿನ ಗುಡಿಸು ಒಂದೇ. ಗೋಡೆಯ ಮೇಲೆ ಹೊಸ ಕೋಷ್ಟಕ ಎದ್ದಿತು. ಒತ್ತಕ್ಷರಗಳು ಅವಳ ಜೀವ ತಿಂದವು. ತಪ್ಪಿದಾಗಲೆಲ್ಲ ಕಾಕಾ ತುಟಿ ಕಚ್ಚಿಕೊಂಡು ಸುಮ್ಮನಿರುತ್ತಿದ್ದ. ಪಾಪ, ಅದು ಅವನಿಗೆ ಎಷ್ಟು ಕಷ್ಟವಾಗಿತ್ತೋ!

ಒಂದು ಭಾನುವಾರ ಅವಳು ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದಳು. ನಡುವೆ ತಟಕ್ಕನೆ ನಿಂತಳು. ಇದು ಗೊತ್ತಿಲ್ಲದ ಭಾಷೆಯಲ್ಲ, ಅಮ್ಮ ದಿನಾ ತನ್ನನ್ನು ಬೈಯುವ ಭಾಷೆ! ಮತ್ತೆ ಮೊದಲಿನಿಂದ ಓದಿದಳು.

"ನಳಿನಿ, ನಿನಗ ಇದು ಓದಾಕ ಬರೂದಿಲ್ಲಂತ ಗೊತ್ತೈತಿ. ಆದ್ರೂ ಬರೀತೀನಿ. ಬರಿಯೂವಾಗ ನೀ ನನ್ನ ಬಾಜೂಕ ಕುಂತಂಗ ಅನಸ್ತೈತಿ."

ಕಾಕಾ ಗೋಡೆಯ ಕಡೆ ತಿರುಗಿ ನಿಂತ. ಅವನ ಭುಜ ಅಲುಗುತ್ತಿತ್ತು. ನಳಿನಿ ಹೋಗಿ ಅವನ ಅಂಗಿ ಜಗ್ಗಿದಳು.

"ಅಪ್ಪಾ, ಈಗ ಬರಿಯಾಕ ಕಲಿಸು."