ಹೆಬ್ಬೆರಳು ತಲುಪುವ ಜಾಗ

ಪುಟ್ಟಿಯ ಚಿಕ್ಕಮ್ಮನ ಅಂಗಡಿಯಲ್ಲಿ ಸಿಗುವುದು ಗಾಲಿಕುರ್ಚಿ, ಊರುಗೋಲು, ಹಾಸಿಗೆ ಹಿಡಿದವರಿಗೆ ಬೇಕಾದ ದಿಂಬು. ಅಂಥ ಅಂಗಡಿಗೆ ನಗುನಗುತ್ತಾ ಬರುವವರಿಲ್ಲ. ಅದರ ವೆಬ್‌ಸೈಟ್ ನೋಡಿದರೆ ಇದ್ದಬದ್ದ ನಗುವೂ ಮಾಯ.

ಅದನ್ನು ಸರಿಪಡಿಸಲೆಂದು, ಡಿಸೈನರ್ ಕೆಲಸಕ್ಕೆ ಹೊಸಬಳಾದ ಪುಟ್ಟಿ ವಾರವಿಡೀ ಅಂಗಡಿಯ ಮೂಲೆಯಲ್ಲಿ ಕೂತು, ಬಂದ ಗಿರಾಕಿಗಳಿಂದ ಅವರವರ ಫೋನಿನಲ್ಲೇ ಆರ್ಡರ್ ಮಾಡಿಸಿ, ಬಾಯಿ ಹೊಲಿದುಕೊಂಡು ನೋಡಿದಳು. ಹೇಳಿಕೊಟ್ಟರೆ ಅವರು ಎಡವುವುದೆಲ್ಲಿ ಎಂದು ತಿಳಿಯುವುದಿಲ್ಲ. ಎಲ್ಲರದೂ ಒಂದು ಕೈ ರೋಗಿಯ ಮೇಲೆ, ಇನ್ನೊಂದರಲ್ಲಿ ಫೋನು. ಆ ಕೈಯ ಹೆಬ್ಬೆರಳು ಸಲೀಸಾಗಿ ತಲುಪುವ ಕೆಳಭಾಗದಲ್ಲಿ ‘ಬುಟ್ಟಿ ಖಾಲಿ ಮಾಡಿ’ ಎಂಬ ದಪ್ಪ ಬಟನ್. ‘ಆರ್ಡರ್ ಮಾಡಿ’ ಮಾತ್ರ ಮೇಲಿನ ಮೂಲೆಯಲ್ಲಿ, ತಪ್ಪು ಮಾಡಿದವನಂತೆ ಬೂದು ಬಣ್ಣದಲ್ಲಿ ಮುದುಡಿ ಕೂತಿತ್ತು. ಒಬ್ಬಾತ ಅಪ್ಪನಿಗೆಂದು ಆರಿಸಿದ್ದನ್ನೆಲ್ಲ ಮೂರು ಸಲ ಕಳೆದುಕೊಂಡು ಸುಮ್ಮನೆ ಎದ್ದುಹೋದ.

ಪುಟ್ಟಿ ಎರಡನ್ನೂ ಅದಲುಬದಲು ಮಾಡಿದಳು. ಆರ್ಡರ್ ಬಟನ್ ಕೆಳಗೆ, ಕಡುಹಸಿರು. ಖಾಲಿ ಮಾಡುವುದು ಮೇಲೆ, ಸಣ್ಣ ಅಕ್ಷರದಲ್ಲಿ. ಅದೂ ‘ನಿಜವಾಗಿಯೂ ಬೇಡವೇ?’ ಎಂದು ಕೇಳಿದ ಮೇಲೆ. ಕೆಲವರ ಕೈಗೆ ಕೊಟ್ಟು ನೋಡಿದಳು. ಯಾರೂ ಎಡವಲಿಲ್ಲ. ಮರುದಿನ ಬೆಳಿಗ್ಗೆ ಹೊಸ ಪುಟ ವೆಬ್‌ಸೈಟಿಗೆ ಏರಿತು.

ಮಧ್ಯಾಹ್ನ ಸಾಮಾನು ತಲುಪಿಸುವವನು ಮುಖ ಸಪ್ಪಗೆ ಮಾಡಿಕೊಂಡು ಬಂದ. “ಮೇಡಂ, ಟೀಚರಮ್ಮನ ಮನೆಗೆ ಗಾಲಿಕುರ್ಚಿ ಕೊಟ್ಟೆ. ನೋಡಿ ಅತ್ತುಬಿಟ್ರು. ಅವರ ಯಜಮಾನರು ಮೊನ್ನೆನೇ ತೀರಿಕೊಂಡ್ರಂತೆ.”

ಚಿಕ್ಕಮ್ಮ ಪುಟ್ಟಿಯತ್ತ ತಿರುಗಿದಳು. ಪಕ್ಕದಂಗಡಿಯ ಟೈಲರ್, ಯಾರೂ ಕರೆಯದಿದ್ದರೂ ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ ಬಂದ.

“ಅಷ್ಟೂ ಗೊತ್ತಾಗಲ್ವಾ? ಹಳೇ ಗಿರಾಕಿ, ಬೆರಳು ಹಳೇ ಜಾಗಕ್ಕೇ ಹೋಗುತ್ತೆ. ಬುಟ್ಟಿ ಖಾಲಿ ಮಾಡೋಕೆ ಹೋಗಿ ಆರ್ಡರ್ ಮಾಡಿದಾರೆ ಪಾಪ.”

ಮಾತಿನಲ್ಲಿ ಹುರುಳಿತ್ತು.

“ಸತ್ತವರಿಗೆ ಗಾಲಿಕುರ್ಚಿ ಕಳಿಸೋ ಅಂಗಡಿ ಅಂತ ಊರೆಲ್ಲ ಆಡಿಕೊಳ್ಳುತ್ತೆ,” ಎಂದಳು ಚಿಕ್ಕಮ್ಮ. “ಮೊದಲು ಹಳೇದನ್ನೇ ಹಾಕು. ಆಮೇಲೆ ಹೋಗಿ ಕಾಲಿಗೆ ಬೀಳು.”

ಪುಟ್ಟಿ ನಿಂತಲ್ಲೇ ಹಳೆಯ ಪುಟ ಏರಿಸಿ ಓಡಿದಳು.

ಬಾಗಿಲು ತೆರೆಯಲು ಬಹಳ ಹೊತ್ತು ಹಿಡಿಯಿತು. ಟೀಚರಮ್ಮ ಹೊಸ ಗಾಲಿಕುರ್ಚಿಯಲ್ಲೇ ಕೂತಿದ್ದರು.

“ತಪ್ಪಾಯ್ತು ಅಮ್ಮ, ಬಟನ್ ಬದಲಾಯಿಸಿದ್ದು ನಾನೇ...”

“ತಪ್ಪೇನು? ಇದು ನನಗೇ ಕಣಮ್ಮ. ಅವರನ್ನ ಎತ್ತಿ ಇಳಿಸಿ ನನ್ನ ಮಂಡಿ ಹೋಯ್ತು. ಅವರಿದ್ದಾಗ ಕೂತ್ಕೊಳ್ಳೋಕೆ ಪುರುಸೊತ್ತೆಲ್ಲಿತ್ತು? ಇವತ್ತು ಕೂತ್ಕೊಳ್ಳೋಕೆ ಕುರ್ಚಿ ಬಂತು, ನೋಡಿ ಅಳುನೂ ಬಂತು.” ಕಣ್ಣೊರೆಸಿಕೊಂಡರು. “ಅವರಿಗೆ ಬೇಕಾದ್ದು ತರಿಸೋಕೆ ಎಷ್ಟು ಒದ್ದಾಡಿದೀನಿ. ಈಗ ಒಂದೇ ಸಲಕ್ಕೆ ಆಯ್ತು. ನಿನ್ನ ಹೊಟ್ಟೆ ತಣ್ಣಗಿರಲಿ.”

ಮಡಿಲಲ್ಲಿದ್ದ ಫೋನನ್ನು ಕೈಗೆತ್ತಿಕೊಂಡರು.

“ಬಂದಿದ್ದೂ ಒಳ್ಳೇದಾಯ್ತು. ಬೆಳಗ್ಗಿಂದ ಒಂದೊಂದೇ ಆರಿಸಿ ಇಟ್ಟಿದೀನಿ, ಬೆನ್ನಿಗೆ ದಿಂಬು, ಮಂಡಿಗೆ ಪಟ್ಟಿ. ನೋಡು, ಎಷ್ಟು ಸಲೀಸು.”

“ಅಮ್ಮ, ತಡೀರಿ—”

ಹೆಬ್ಬೆರಳು ಕೆಳಗಿಳಿದಾಗಿತ್ತು. ಟೀಚರಮ್ಮ ಖಾಲಿ ಬುಟ್ಟಿಯನ್ನು ನೋಡಿದರು. ಆಮೇಲೆ ಪುಟ್ಟಿಯನ್ನು.

“ಇದನ್ನ ಬದಲಾಯಿಸಿದ್ದೂ ನೀನೇನಾ?”