ಹಾಡು ಶುರುವಾದೊಡನೆ ಎದ್ದು ಹೋಗುವ ದಾಖಲೆ ಗುಮಾಸ್ತರನ್ನು ಹಂತಹಂತವಾಗಿ ಪಳಗಿಸುವ ಕುರಿತು

ಸಿಬ್ಬಂದಿ ಮನರಂಜನಾ ವಿಭಾಗ
ಸಂಖ್ಯೆ: ಸಿಮವಿ/ಹಾಡು/7/ಮರುಪರಿಷ್ಕೃತ

ವಿಷಯ: ಸಂಗೀತಮಯ ಚಿತ್ರಗಳನ್ನು, ಹಾಡು ಸಹಜವಾಗಿ ಬರುವವುಗಳಿಂದ ಆರಂಭಿಸಿ, ತೋರಿಸುವ ಬಗ್ಗೆ (ಪಾಲನಾ ವರದಿ ಸಹಿತ).

ಉಲ್ಲೇಖ: 1. ಗುಮಾಸ್ತರ ಪತ್ನಿ, ಬೆರಳಚ್ಚು ವಿಭಾಗದ ಮೇಲ್ವಿಚಾರಕಿಯವರ ಮೌಖಿಕ ದೂರು: "ಇನ್ನೊಂದ್ಸಲ ಎದ್ದು ಹೋದ್ರೆ ಮುಗೀತು. ಆಮೇಲೆ ಸಿನಿಮಾಕ್ಕೆ ನಾನು, ನನ್ನ ತಂಗಿ, ಅಷ್ಟೇ."
2. ಪ್ರತಿ ಹಾಡಿಗೂ ಗುಮಾಸ್ತರು ದಾಟಿಹೋಗುವ ಏಳನೇ ಸಾಲಿನವರು ತಮ್ಮ ಮೊಣಕಾಲುಗಳ ಪರವಾಗಿ ಸಲ್ಲಿಸಿದ ಮನವಿ.

ಗುಮಾಸ್ತರು ಸಾಧು ಪ್ರಾಣಿ. ಆದರೆ ತೆರೆಯ ಮೇಲೆ ಯಾರಾದರೂ ಮಾತು ಬಿಟ್ಟು ಹಾಡತೊಡಗಿದರೆ ಮೈಮೇಲೆ ಜಿರಲೆ ಹರಿದಂತಾಗಿ, "ಅಲ್ಲಾ, ಈಗ್ತಾನೆ ಚೆನ್ನಾಗಿ ಮಾತಾಡ್ತಿದ್ರಲ್ಲ, ಏನಾಯ್ತು ಇವರಿಗೆ?" ಎನ್ನುತ್ತ ಹೊರನಡೆಯುವುದು ಗಮನಕ್ಕೆ ಬಂದಿದೆ. ವಾರ್ಷಿಕ ಪ್ರದರ್ಶನಕ್ಕೆ ಮುನ್ನ ಈ ಕೆಳಕಂಡಂತೆ ಕ್ರಮ ಜರುಗಿಸಲಾಗಿದೆ.

1. ಮೊದಲ ವಾರ ಹಾಡುವುದೇ ಕಸುಬಾದವರ ಚಿತ್ರ. ಮೈಕು ಕಾಣತಕ್ಕದ್ದು, ವಾದ್ಯ ನುಡಿಸುವವರೂ ತೆರೆಯ ಮೇಲೇ ಇರತಕ್ಕದ್ದು, ಅಭ್ಯಾಸದಲ್ಲಿ ಶ್ರುತಿ ತಪ್ಪಿದರೆ ಇನ್ನೂ ಉತ್ತಮ. ಗುಮಾಸ್ತರು ಪೂರ್ತಿ ಕುಳಿತರು. "ಕೆಲಸ ಮಾಡ್ತಿದಾರೆ ಪಾಪ, ಮಾಡ್ಲಿ."

2. ಎರಡನೇ ವಾರ ನಾಟಕಮಂದಿರದ ಕಥೆ. ಗಾಯಕಿ ಹಾಡುವುದು ಸಭೆಗೆ. ಚುಚ್ಚುವುದು ಮೂರನೇ ಸಾಲಿನಲ್ಲಿ ಕುಳಿತ ಗಂಡನಿಗೆ. ಗುಮಾಸ್ತರು ಅಕಾರಣವಾಗಿ ಪತ್ನಿಯ ಮುಖ ನೋಡಿದ್ದು ದಾಖಲಾಗಿದೆ.

3. ಮೂರನೇ ವಾರ, ಪಾತ್ರದ ಕಲ್ಪನೆಯಲ್ಲಷ್ಟೇ ನಡೆಯುವ ಹಾಡುಗಳು. ಒಬ್ಬರ ತಲೆಯೊಳಗೆ ನಡೆಯುವುದು ಈ ವಿಭಾಗದ ವ್ಯಾಪ್ತಿಗೆ ಬಾರದು.

4. ನಾಲ್ಕನೇ ವಾರ ಮಾತಿನಿಂದ ಹಾಡಿಗೆ ಮೆಲ್ಲಗೆ ಜಾರುವ ಚಿತ್ರ: ಹೊಲಿಗೆ ಯಂತ್ರದ ಸದ್ದು ತಾಳವಾಗಿ, ಮಾತು ಆ ತಾಳಕ್ಕೆ ಬಿದ್ದು, ಗುನುಗಾಗಿ, ಆಮೇಲೆ ಹಾಡು. ಹಾಡಿನ ಮೊದಲು ಪಾತ್ರಕ್ಕೇನು ಬೇಕಿತ್ತು, ಕೊನೆಗೆ ಏನು ಬದಲಾಯಿತು ಎಂದು ನಮೂನೆಯಲ್ಲಿ ಬರೆಯತಕ್ಕದ್ದು. ಏನೂ ಬದಲಾಗದಿದ್ದಲ್ಲಿ ಎರಡು ಬಾರಿ ಗೊಣಗಲು ಅನುಮತಿಯಿದೆ. ಗುಮಾಸ್ತರು ಬರೆದದ್ದು: "ಮಾತಲ್ಲಿ ಹೇಳಲಾರದ್ದಿತ್ತು. ಹೇಳಿದಳು." ಗೊಣಗಾಟ: ಒಂದು.

5. ಐದನೇ ವಾರ ಆದಿಯಿಂದ ಅಂತ್ಯದವರೆಗೂ ಹಾಡಿನಲ್ಲೇ ನಡೆಯುವ ಚಿತ್ರ. ಮುಂಜಾಗ್ರತೆಗಾಗಿ ಇಕ್ಕೆಲದಲ್ಲಿ ಇಬ್ಬರು ದಪ್ಪ ಸಿಬ್ಬಂದಿಯನ್ನು ಕೂರಿಸಲಾಗಿತ್ತು. ಬಿಟ್ಟು ಹಾಡಲು ಮಾತೇ ಇಲ್ಲದ್ದರಿಂದ 'ದಿಢೀರ್' ಎಂಬುದೂ ಇರಲಿಲ್ಲ; ಗುಮಾಸ್ತರು ಹಾಯಾಗಿದ್ದರು. ಇದನ್ನು ಮೊದಲೇ ತೋರಿಸಬೇಕಿತ್ತೇ ಎಂಬ ಸಂಶಯ ವಿಭಾಗವನ್ನು ಇಂದಿಗೂ ಕಾಡುತ್ತಿದೆ.

6. ವಾರ್ಷಿಕ ಪ್ರದರ್ಶನ. ತೆರೆಯ ಮೇಲೆ ಬಸ್ಸಿಗೆ ಕಾಯುತ್ತಿದ್ದ ಇಡೀ ಸಾಲು, ಯಾವ ಪೂರ್ವಸೂಚನೆಯೂ ಇಲ್ಲದೆ, ಹಾಡಿ ಕುಣಿಯಿತು. ಗುಮಾಸ್ತರು ಎದ್ದು ನಿಂತರು. ಏಳನೇ ಸಾಲು ರೂಢಿಯಂತೆ ಮೊಣಕಾಲು ಮಡಚಿತು. ಪತ್ನಿ ಅವರತ್ತ ನೋಡದೆ ತಮ್ಮ ಚೀಲದ ಜಿಪ್ಪನ್ನೇ ಎಳೆಯುತ್ತಿದ್ದರು. ಆಗ ಗುಮಾಸ್ತರು ಮುಂದಿನ ಸಾಲಿನಲ್ಲಿ ನಿಂತಿದ್ದ ಲೆಕ್ಕಾಧಿಕಾರಿಗಳಿಗೆ, "ಸ್ವಲ್ಪ ಕೂತ್ಕೊಳ್ಳಿ ಸಾರ್, ಹಾಡು ಕಾಣಿಸ್ತಿಲ್ಲ!" ಎಂದು, ತಾವೂ ಕುಳಿತರು.

7. ಮರುದಿನದಿಂದ ದಾಖಲೆ ಕೊಠಡಿಯಲ್ಲಿ ಗುನುಗು ಕೇಳಿಬರುತ್ತಿದೆ. ಕಾರಣ ನಮೂದಿಸಿ ಗುನುಗತಕ್ಕದ್ದು.

ಸಹಿ/-
ಪ್ರಭಾರ ಅಧೀಕ್ಷಕರು
(ತಪ್ಪಿದ್ದಲ್ಲಿ ತಿಳಿಸಲು ಕೋರಿದೆ)

ಪ್ರತಿಗಳು:
ಏಳನೇ ಸಾಲಿಗೆ, ಕಾಲು ಚಾಚಿಕೊಳ್ಳಲು.
ಲೆಕ್ಕಾಧಿಕಾರಿಗಳಿಗೆ, ಕ್ಷಮೆಯೊಂದಿಗೆ.
ಮೇಲ್ವಿಚಾರಕಿಯವರ ತಂಗಿಗೆ: ಅಕ್ಕನ ಪಕ್ಕದ ಆಸನ ಖಾಲಿ ಇರುವುದಿಲ್ಲ.